ಲೈಟ್ ಉರಿಯುತ್ತದೆ, ಚಿತ್ರ ಬರುವುದಿಲ್ಲ: ಯುಎಸ್‌ಬಿ ಎಂಡೋಸ್ಕೋಪ್‌ನ ದೋಷ ಹುಡುಕುವುದು ಹೇಗೆ

ವಾಶ್ ಬೇಸಿನ್ನಿನ ಪೈಪಿನೊಳಗೆ ಏನು ಸಿಕ್ಕಿಕೊಂಡಿದೆ ಎಂದು ನೋಡಲು, ಉದ್ದ ಕೇಬಲ್ಲಿನ ತುದಿಯಲ್ಲಿ ಪುಟ್ಟ ಕ್ಯಾಮೆರಾ ಇರುವ ನನ್ನ ಎಂಡೋಸ್ಕೋಪ್ ತೆಗೆದೆ. ಫೋನಿಗೆ ಚುಚ್ಚಿದೆ. ತುದಿಯ ಆರೂ ಎಲ್‌ಇಡಿಗಳು ಫಳಾರನೆ ಹೊತ್ತಿಕೊಂಡವು. ಆ್ಯಪ್ ತೆರೆದರೆ ಕಪ್ಪು ಪರದೆ, ಅದರ ಮೇಲೆ "ಕ್ಯಾಮೆರಾ ಜೋಡಿಸಿ" ಎಂಬ ಸೂಚನೆ. ತೆಗೆದು ಚುಚ್ಚಿದೆ, ಪ್ಲಗ್ ತಿರುಗಿಸಿ ಚುಚ್ಚಿದೆ, ಆ್ಯಪ್ ಅಳಿಸಿ ಮತ್ತೆ ಹಾಕಿದೆ. ಏನೂ ಬದಲಾಗಲಿಲ್ಲ. ಪಕ್ಕದಲ್ಲಿದ್ದ ಗೆಳೆಯ, "ಲೈಟ್ ಉರೀತಿದೆಯಲ್ಲ ಮಾರಾಯ, ಕ್ಯಾಮೆರಾ ಚೆನ್ನಾಗೇ ಇದೆ. ಆ್ಯಪ್ ಸರಿ ಇಲ್ಲ ಅಷ್ಟೇ," ಎಂದ.

ಅವನು ಹೇಳಿದ್ದನ್ನೇ ಬಹಳ ಜನ ನಂಬುತ್ತಾರೆ. ನಾನೂ ಒಂದು ಗಂಟೆ ನಂಬಿದ್ದೆ. ಐದಾರು ಆ್ಯಪ್ ಹಾಕಿ ತೆಗೆದದ್ದು ಆ ನಂಬಿಕೆಯಿಂದಲೇ.

ಆ ತೆಳ್ಳಗಿನ ಕೇಬಲ್ಲಿನೊಳಗೆ ನಾಲ್ಕು ತಂತಿಗಳಿರುತ್ತವೆ. ಎರಡು ಕರೆಂಟಿಗೆ: ಒಂದು 5 ವೋಲ್ಟ್, ಒಂದು ಗ್ರೌಂಡ್. ಉಳಿದ ಎರಡು ಡೇಟಾಗೆ. ಒಂದರ ಹೆಸರು ಡಿ ಪ್ಲಸ್, ಇನ್ನೊಂದರದ್ದು ಡಿ ಮೈನಸ್. ಲೈಟ್ ಉರಿಯಲು ಮೊದಲಿನ ಎರಡು ಸಾಕು. ಚಿತ್ರ ಬರಬೇಕಾದರೆ ನಾಲ್ಕೂ ಬೇಕು. ಅಂದರೆ ಲೈಟ್ ಉರಿಯುವುದು ಅರ್ಧ ಕೇಬಲ್ ಚೆನ್ನಾಗಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ಉಳಿದರ್ಧದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಹಾಗಾಗಿ ನಾನು ಈಗ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳುತ್ತೇನೆ. ಲೈಟ್ ಉರಿಯಿತೇ? ಫೋನೋ ಲ್ಯಾಪ್‌ಟಾಪೋ "ಏನೋ ಬಂದು ಸೇರಿತು" ಎಂದು ಗುರುತಿಸಿತೇ? ಗುರುತಿಸಿದ್ದನ್ನು ಆ್ಯಪ್ ತೆರೆಯಿತೇ? ಒಂದಕ್ಕೆ ಉತ್ತರ ಸಿಗದೆ ಮುಂದಿನದಕ್ಕೆ ಹೋದರೆ ಸುಮ್ನೆ ಕಾಲಹರಣ.

ಲೈಟೇ ಉರಿಯದಿದ್ದರೆ

ಮೊದಲು ಕೇಬಲ್ ಮೇಲಿರುವ ಪುಟ್ಟ ಚಕ್ರ ನೋಡಿ. ಲೈಟ್ ಹೆಚ್ಚು ಕಡಿಮೆ ಮಾಡುವ ಚಕ್ರ ಅದು. ಚೀಲದೊಳಗೆ ಉಜ್ಜಿ ಸೊನ್ನೆಗೆ ತಿರುಗಿರುವುದು ಮಾಮೂಲು. ಅದು ಪೂರ್ತಿ ಮೇಲಿದ್ದರೂ ಬೆಳಕಿಲ್ಲ ಎಂದರೆ ಕ್ಯಾಮೆರಾವನ್ನು ಲ್ಯಾಪ್‌ಟಾಪಿನ ಅಗಲವಾದ, ಆಯತಾಕಾರದ ಹಳೆಯ ಯುಎಸ್‌ಬಿ ತೂತಿಗೆ ಹಾಕಿ. ಟೈಪ್-ಎ ಎನ್ನುತ್ತಾರೆ ಅದನ್ನು. ಲ್ಯಾಪ್‌ಟಾಪ್ ಆನ್ ಇರುವಾಗ ಆ ತೂತಿನಲ್ಲಿ 5 ವೋಲ್ಟ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಯಾರು ಬಂದು ಕೂತರೂ ಊಟ ಬಡಿಸುವ ಮನೆ ಇದ್ದ ಹಾಗೆ.

ಫೋನಿನ ಟೈಪ್-ಸಿ ಹಾಗಲ್ಲ. ಬಂದವರು ಯಾರು ಎಂದು ಕೇಳಿಯೇ ಅದು ಬಾಗಿಲು ತೆಗೆಯುತ್ತದೆ. ಪ್ಲಗ್‌ನೊಳಗೆ ಸಿಸಿ ಎಂಬ ಪಿನ್ನಿಗೂ ಗ್ರೌಂಡ್‌ಗೂ ನಡುವೆ 5.1 ಕಿಲೋ ಓಮ್ ರೆಸಿಸ್ಟರ್ ಇರಬೇಕು. ಅದು ಕಂಡರೆ ಮಾತ್ರ "ಇದು ಕರೆಂಟ್ ಕೇಳುವ ಸಾಧನ" ಎಂದು ತಿಳಿದು ಫೋನ್ 5 ವೋಲ್ಟ್ ಬಿಡುತ್ತದೆ. ಹಳೆಯ ಮೈಕ್ರೋ ಯುಎಸ್‌ಬಿ ಫೋನ್‌ಗಳಲ್ಲಿ ಈ ಕೆಲಸವನ್ನು ನಾಲ್ಕನೇ ಪಿನ್ ಮಾಡುತ್ತಿತ್ತು. ಅದು ಗ್ರೌಂಡ್‌ಗೆ ಸೇರಿದ್ದರೆ ಫೋನ್ ಯಜಮಾನನ ಪಾತ್ರ ವಹಿಸುತ್ತಿತ್ತು. ಒಟಿಜಿ ಎಂದು ನಾವು ಕರೆಯುವುದು ಇದನ್ನೇ.

ಈಗ ತೀರ್ಪು ಸುಲಭ. ಲ್ಯಾಪ್‌ಟಾಪ್‌ನಲ್ಲಿ ಉರಿದು ಫೋನಿನಲ್ಲಿ ಉರಿಯದಿದ್ದರೆ ಕ್ಯಾಮೆರಾದ ತಪ್ಪಲ್ಲ. ನಡುವಿನ ಅಡಾಪ್ಟರ್ ಅಥವಾ ಫೋನಿನ ಒಟಿಜಿ ಕಡೆ ನೋಡಬೇಕು. ಕೆಲವು ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ಒಟಿಜಿಗೆ ಬೇರೆಯೇ ಸ್ವಿಚ್ ಇರುತ್ತದೆ. ಸ್ವಲ್ಪ ಹೊತ್ತು ಏನೂ ಜೋಡಿಸದಿದ್ದರೆ ಅದು ತಾನಾಗಿಯೇ ಆಫ್ ಆಗುತ್ತದೆ. ನಿನ್ನೆ ನಡೆದದ್ದು ಇವತ್ತು ನಡೆಯಲಿಲ್ಲ ಎನ್ನುವವರಲ್ಲಿ ಈ ಸ್ವಿಚ್ಚಿನ ಬಲಿಪಶುಗಳು ಜಾಸ್ತಿ. ಸೆಟ್ಟಿಂಗ್ಸ್ ಹುಡುಕುವ ಜಾಗದಲ್ಲಿ `OTG` ಎಂದು ಟೈಪ್ ಮಾಡಿದರೆ ಇದ್ದರೆ ಸಿಗುತ್ತದೆ.

ಇನ್ನೊಂದು, ಒಂದರೊಳಗೊಂದು ಮಡಚಿಕೊಳ್ಳುವ ಮೂರು ತಲೆಯ ಪ್ಲಗ್. ಮೈಕ್ರೋ ತಲೆಯ ಮೇಲೆ ಟೈಪ್-ಸಿ ಟೋಪಿ ಕೂತಿರುತ್ತದೆ. ಆ ಟೋಪಿ ಅರ್ಧ ಮಿಲಿಮೀಟರ್ ಹಿಂದೆ ಸರಿದಿದ್ದರೂ ಸಂಪರ್ಕ ತಪ್ಪುತ್ತದೆ. ಟೋಪಿ ಕಿತ್ತು, ಗಟ್ಟಿಯಾಗಿ ಒತ್ತಿ ಕೂರಿಸಿ. ಫೋನಿನ ದಪ್ಪ ಕವರ್ ತೆಗೆದು ನೋಡಿ. ಎಷ್ಟೋ ಪ್ಲಗ್‌ಗಳು ಕವರ್‌ಗೆ ತಗುಲಿ ಪೂರ್ತಿ ಒಳಗೆ ಹೋಗಿರುವುದೇ ಇಲ್ಲ. ತೂತಿನಲ್ಲಿ ಜೇಬಿನ ನೂಲುಧೂಳು ಕಚ್ಚಿಕೊಂಡಿದ್ದರೆ ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ನಿಧಾನ ಕೆರೆದು ತೆಗೆಯಿರಿ. ಪಿನ್ನು, ಸೂಜಿ ಬೇಡ.

ಎಲ್ಲಿ ಹಾಕಿದರೂ ಬೆಳಕಿಲ್ಲ ಎಂದರೆ ಕರೆಂಟಿನ ತಂತಿಯೇ ತುಂಡಾಗಿರಬಹುದು. ಅದನ್ನು ಹುಡುಕುವ ಬಗೆ ಮುಂದೆ ಹೇಳುವ ಡೇಟಾ ತಂತಿಯದ್ದೇ.

ಲೈಟ್ ಉರಿಯಿತು, ಆದರೆ ಗುರುತು ಸಿಕ್ಕಿತೇ?

ಇದೇ ಮುಖ್ಯ ಘಟ್ಟ. ಆ್ಯಪ್ ಮುಟ್ಟುವ ಮೊದಲು ಇದನ್ನು ತಿಳಿದುಕೊಳ್ಳಲೇಬೇಕು.

ಆಂಡ್ರಾಯ್ಡ್ ಫೋನಿನಲ್ಲಿ ಕ್ಯಾಮೆರಾ ಚುಚ್ಚಿದ ಒಂದೆರಡು ಸೆಕೆಂಡಿನಲ್ಲಿ, ಎಂಡೋಸ್ಕೋಪ್ ಆ್ಯಪ್ ತೆರೆಯಲೇ, ಈ ಯುಎಸ್‌ಬಿ ಸಾಧನ ಬಳಸಲು ಅದಕ್ಕೆ ಅನುಮತಿ ಕೊಡಲೇ ಎಂದು ಒಂದು ಪೆಟ್ಟಿಗೆ ಬರುತ್ತದೆ. ಅದು ಬಂದರೆ ಡೇಟಾ ತಂತಿಗಳು ಬದುಕಿವೆ ಎಂದೇ ಅರ್ಥ. ದೋಷ ಮೂರನೇ ಪ್ರಶ್ನೆಯ ಕಡೆಗಿದೆ. ಬರದಿದ್ದರೆ ಮಾತ್ರ ಏನೂ ಖಚಿತವಿಲ್ಲ, ಏಕೆಂದರೆ ಕೆಲವು ಆ್ಯಪ್‌ಗಳು ತಾವು ತೆರೆದ ಮೇಲೆಯೇ ಕೇಳುತ್ತವೆ. ಆಗ ಲ್ಯಾಪ್‌ಟಾಪ್ ಹತ್ತಿರ ಹೋಗುವುದೇ ವಾಸಿ. ಫೋನ್ ಮೌನವಾಗಿರುವ ಕಡೆ ಲ್ಯಾಪ್‌ಟಾಪ್ ಬಾಯಿ ಬಿಡುತ್ತದೆ.

ವಿಂಡೋಸ್‌ನಲ್ಲಿ `Device Manager` ತೆರೆದಿಟ್ಟು, ಅದನ್ನು ನೋಡುತ್ತಲೇ ಕ್ಯಾಮೆರಾ ಚುಚ್ಚಿ. `Cameras` ಅಥವಾ `Imaging devices` ಕೆಳಗೆ ಹೊಸ ಸಾಲು ಬಂದರೆ ಗುರುತು ಸಿಕ್ಕಿದೆ. `Unknown USB Device (Device Descriptor Request Failed)` ಎಂದು ಬಂದರೆ ಬಾಗಿಲು ತಟ್ಟಿದ ಸದ್ದು ಕೇಳಿದೆ, ಹೆಸರು ಕೇಳಿದರೆ ಉತ್ತರ ಬಂದಿಲ್ಲ ಎಂದರ್ಥ. ಪಟ್ಟಿ ಮಿಸುಕಲೇ ಇಲ್ಲ, ಸದ್ದೂ ಇಲ್ಲ ಎಂದರೆ ಬಾಗಿಲು ತಟ್ಟಿದ್ದೇ ಕೇಳಿಲ್ಲ.

ಲಿನಕ್ಸ್ ಇದ್ದರೆ ಇನ್ನೂ ಚೆನ್ನ. ಮೊದಲು ಈ ಕಮಾಂಡ್ ಕೊಟ್ಟು, ಆಮೇಲೆ ಕ್ಯಾಮೆರಾ ಚುಚ್ಚಿ:

```
sudo dmesg -w
```

ನನ್ನದಕ್ಕೆ ಬಂದದ್ದು ಇದು:

```
usb 1-3: new full-speed USB device number 9 using xhci_hcd
usb 1-3: device descriptor read/64, error -71
usb 1-3: device not accepting address 10, error -71
usb usb1-port3: unable to enumerate USB device
```

ಈ ನಾಲ್ಕು ಸಾಲು ನೋಡಿದ ಮೇಲೆ ಆ್ಯಪ್‌ಗಳನ್ನು ಬೈಯುವುದು ಬಿಟ್ಟೆ. `error -71` ಎಂದರೆ ಮಾತುಕತೆಯ ನಿಯಮ ತಪ್ಪಿದೆ, ಅಂದರೆ ಬಂದ ಸಂಕೇತ ಅರ್ಥವಾಗುವ ಹಾಗಿಲ್ಲ ಎಂದು. ಮೊದಲ ಸಾಲಿನ `full-speed` ಎಂಬ ಪದ ಕೇಳಲು ಭರ್ಜರಿಯಾಗಿದೆ, ಆದರೆ ಅದು ಸೆಕೆಂಡಿಗೆ 12 ಮೆಗಾಬಿಟ್‌ನ ಹಳೆಯ ನಿಧಾನ ವೇಗ. ಇಂಥ ಕ್ಯಾಮೆರಾ ಓಡಬೇಕಾದದ್ದು 480 ಮೆಗಾಬಿಟ್‌ನಲ್ಲಿ. ಅದಕ್ಕೆ `high-speed` ಎಂದು ಬರಬೇಕಿತ್ತು. ಹೆಸರಿಟ್ಟವರ ಬುದ್ಧಿಗೆ ಏನೆನ್ನೋಣ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇದು ಗೊತ್ತಿದ್ದರೆ ಯಾವ ತಂತಿ ಹೋಗಿದೆ ಎಂದು ಕೂತಲ್ಲೇ ಊಹಿಸಬಹುದು. ಕ್ಯಾಮೆರಾ ತಾನು ಬಂದೆ ಎಂದು ತಿಳಿಸುವುದು ಡಿ ಪ್ಲಸ್ ತಂತಿಯನ್ನು 1.5 ಕಿಲೋ ಓಮ್ ರೆಸಿಸ್ಟರ್ ಮೂಲಕ ಮೇಲಕ್ಕೆ ಎಳೆದು. ಆ ಒಂದು ತಂತಿಯಲ್ಲಿ ವೋಲ್ಟೇಜ್ ಏರಿದ್ದು ಕಂಡರೆ ಕಂಪ್ಯೂಟರ್ "ಯಾರೋ ಬಂದರು" ಎನ್ನುತ್ತದೆ. ಆಮೇಲಿನ ಮಾತಿಗೆ ಎರಡೂ ತಂತಿ ಬೇಕು. ಆದ್ದರಿಂದ ಡಿ ಪ್ಲಸ್ ತುಂಡಾಗಿದ್ದರೆ ಕಂಪ್ಯೂಟರಿಗೆ ಏನೂ ತಿಳಿಯುವುದಿಲ್ಲ. ಲೈಟ್ ಉರಿಯುತ್ತದೆ, ಪರದೆ ಮೇಲೆ ಪೂರ್ತಿ ಮೌನ. ಡಿ ಮೈನಸ್ ತುಂಡಾಗಿದ್ದರೆ ಬಂದದ್ದು ತಿಳಿಯುತ್ತದೆ, ಆದರೆ ಹೆಸರು ಹೇಳುವ ಹೊತ್ತಿಗೆ ತೊದಲುತ್ತದೆ, ನನ್ನದು ತೊದಲಿದ ಹಾಗೆ.

ಇದು ಬರೀ ಊಹೆ, ಖಾತ್ರಿಯಲ್ಲ. ಹಾಳಾದ ಹಬ್, ಉದ್ದ ಜಾಸ್ತಿಯಾದ ಎಕ್ಸ್‌ಟೆನ್ಷನ್ ಕೇಬಲ್ ಸಹ ಇದೇ `-71` ಕೊಡಿಸಬಲ್ಲವು. ಯುಎಸ್‌ಬಿ 2.0 ಕೇಬಲ್ಲಿಗೆ ಮಿತಿ ಎಂದು ಹೇಳುವುದು 5 ಮೀಟರ್. ಎಂಡೋಸ್ಕೋಪ್ ಕೇಬಲ್ಲೇ 5 ಮೀಟರ್ ಇದ್ದರೆ ಅದಕ್ಕೆ ಇನ್ನೂ 3 ಮೀಟರ್ ಕಟ್ಟಿ ಆಟ ಆಡಬಾರದು. ಮೊದಲು ನಡುವಿನದ್ದೆಲ್ಲ ಕಿತ್ತು ನೇರವಾಗಿ ಲ್ಯಾಪ್‌ಟಾಪ್‌ಗೆ ಹಾಕಿ. ಆಗಲೂ ಅದೇ ಸಾಲು ಬಂದರೆ ಮುಂದುವರಿಯಿರಿ.

ಉದ್ದದ ಮಾತು ಬಂದದ್ದಕ್ಕೆ ಕರೆಂಟಿನ ವಿಷಯವನ್ನೂ ಹೇಳಿಬಿಡುತ್ತೇನೆ. 28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್. 5 ಮೀಟರ್ ಕೇಬಲ್ಲಿನಲ್ಲಿ ಹೋಗಿ ಬರುವ ದಾರಿ 10 ಮೀಟರ್, ಅಂದರೆ 2.1 ಓಮ್. ಕ್ಯಾಮೆರಾ, ಲೈಟ್ ಸೇರಿ 200 ಮಿಲಿಆಂಪ್ ಎಳೆದರೆ ದಾರಿಯಲ್ಲೇ 0.42 ವೋಲ್ಟ್ ಕಳೆದುಹೋಗುತ್ತದೆ. ಫೋನ್ 5 ಕೊಟ್ಟರೆ ತುದಿಗೆ ತಲುಪುವುದು 4.58. ಇಷ್ಟಿದ್ದರೆ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ತಂತಿ ಇನ್ನೂ ತೆಳ್ಳಗಿದ್ದರೆ, ಪ್ಲಗ್ ಸಡಿಲವಿದ್ದರೆ ಕ್ಯಾಮೆರಾ ಅರೆಪ್ರಜ್ಞೆಯಲ್ಲಿ ಏಳುತ್ತದೆ ಬೀಳುತ್ತದೆ. ಇದನ್ನು ಪರೀಕ್ಷಿಸಲು ದುಡ್ಡು ಬೇಡ. ಚಕ್ರ ತಿರುಗಿಸಿ ಲೈಟ್ ಪೂರ್ತಿ ಆರಿಸಿ, ಆಮೇಲೆ ಚುಚ್ಚಿ. ಚಿತ್ರ ಬಂದು, ಲೈಟ್ ಏರಿಸುತ್ತಿದ್ದಂತೆ ಹೋದರೆ ದೋಷ ಕರೆಂಟಿನದ್ದು. ನನ್ನದರಲ್ಲಿ ಲೈಟ್ ಆರಿಸಿದರೂ `-71` ಹಾಗೇ ಇತ್ತು.

ತಲೆ ಬಿಚ್ಚದೆ ತುಂಡಾದ ತಂತಿ ಹುಡುಕುವುದು

ಕ್ಯಾಮೆರಾದ ತಲೆ ಸೀಲ್ ಆಗಿರುತ್ತದೆ. ಒಳಗೆ ಅಂಟು ತುಂಬಿರುತ್ತದೆ. ಬಿಚ್ಚಿದರೆ ಮತ್ತೆ ನೀರು ತಡೆಯುವುದಿಲ್ಲ. ಹಾಗಾದರೆ ಆ ತುದಿ ಮುಟ್ಟದೆ ಈ ತುದಿಯಿಂದಲೇ ತಂತಿ ಪರೀಕ್ಷಿಸುವುದು ಹೇಗೆ? ಮೊಬೈಲ್ ರಿಪೇರಿ ಮಾಡುವವರು ದಿನಾ ಬಳಸುವ ಉಪಾಯವೊಂದಿದೆ. ಮಲ್ಟಿಮೀಟರಿನ ಡಯೋಡ್ ಮೋಡ್.

ಪ್ಲಗ್ಗನ್ನು ಎಲ್ಲಿಂದಲೂ ಕಿತ್ತಿಡಿ. ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಟೈಪ್-ಎ ಪ್ಲಗ್‌ನೊಳಗೆ ನಾಲ್ಕು ಚಿನ್ನದ ಬಣ್ಣದ ಪಟ್ಟಿ ಕಾಣುತ್ತವೆ. ಹೊರಗಿನ ಎರಡು ಕರೆಂಟಿನವು, ಒಳಗಿನ ಎರಡು ಡೇಟಾದವು. ಕ್ರಮ ಹೀಗೆ: 5 ವೋಲ್ಟ್, ಡಿ ಮೈನಸ್, ಡಿ ಪ್ಲಸ್, ಗ್ರೌಂಡ್. ಎಡ ಬಲ ಗೊಂದಲವಾದರೆ ಪ್ಲಗ್‌ನ ಲೋಹದ ಕವಚ ಯಾವ ಪಟ್ಟಿಯ ಜೊತೆ ಬೀಪ್ ಎನ್ನುತ್ತದೋ ಅದು ಸಾಮಾನ್ಯವಾಗಿ ಗ್ರೌಂಡ್. ಈಗ ಕೆಂಪು ಕಡ್ಡಿಯನ್ನು ಗ್ರೌಂಡ್ ಮೇಲಿಡಿ, ಕಪ್ಪು ಕಡ್ಡಿಯನ್ನು ಡೇಟಾ ಪಟ್ಟಿಯ ಮೇಲೆ. ಹೌದು, ಉಲ್ಟಾನೇ.

ಕ್ಯಾಮೆರಾದ ಚಿಪ್‌ನೊಳಗೆ ಪ್ರತಿ ಡೇಟಾ ಪಿನ್ನಿಗೂ ಗ್ರೌಂಡ್‌ನಿಂದ ಒಂದು ಪುಟ್ಟ ರಕ್ಷಣಾ ಡಯೋಡ್ ಇರುತ್ತದೆ. ತಂತಿ ಇಡಿಯಾಗಿದ್ದರೆ ಮೀಟರ್ ಆ ಡಯೋಡನ್ನು ಕಾಣುತ್ತದೆ, 0.4ರಿಂದ 0.8ರ ನಡುವೆ ಏನೋ ಒಂದು ಅಂಕಿ ತೋರಿಸುತ್ತದೆ. ಅಂಕಿ ಎಷ್ಟು ಎಂಬುದು ಮುಖ್ಯವಲ್ಲ. ಡಿ ಪ್ಲಸ್, ಡಿ ಮೈನಸ್ ಎರಡರದ್ದೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 0.58 ತೋರಿಸಿ ಇನ್ನೊಂದು `OL` ತೋರಿಸಿದರೆ ಆ ಎರಡನೆಯದು ದಾರಿಯಲ್ಲಿ ತುಂಡಾಗಿದೆ. ಸೊನ್ನೆ ತೋರಿಸಿದರೆ ತಂತಿ ಗ್ರೌಂಡ್‌ಗೆ ಅಂಟಿಕೊಂಡಿದೆ ಅಥವಾ ಚಿಪ್ ಸುಟ್ಟಿದೆ. ಇದನ್ನು ಮೂರು ತಲೆಯ ಪ್ಲಗ್ ಆದರೆ ಟೈಪ್-ಎ ತಲೆಯಿಂದಲೇ ಮಾಡಿ. ಟೈಪ್-ಸಿ ಪಿನ್‌ಗಳು ಕಡ್ಡಿಗೆ ಎಟುಕುವಷ್ಟು ದೊಡ್ಡವಲ್ಲ.

ನನ್ನದು: ಡಿ ಪ್ಲಸ್ 0.58, ಡಿ ಮೈನಸ್ `OL`. ಊಹೆ ಸರಿಯಾಗಿತ್ತು.

ಎಲ್ಲಿ ತುಂಡಾಗಿದೆ? ಕಡ್ಡಿಗಳನ್ನು ಡಿ ಮೈನಸ್ ಮೇಲೆ ಹಾಗೇ ಹಿಡಿದುಕೊಂಡು (ಇನ್ನೊಬ್ಬರ ಕೈ ಬೇಕಾಗುತ್ತದೆ, ಗೆಳೆಯ ಇಲ್ಲಿ ಕೆಲಸಕ್ಕೆ ಬಂದ) ಕೇಬಲ್ಲನ್ನು ಪ್ಲಗ್ ಕಡೆಯಿಂದ ಒಂದೊಂದು ಗೇಣು ಬಾಗಿಸುತ್ತಾ ಹೋಗಬೇಕು. ಕೇಬಲ್ ನಡು ಮಧ್ಯದಲ್ಲಿ ತುಂಡಾಗುವುದು ಅಪರೂಪ. ಗಟ್ಟಿ ವಸ್ತುವಿನಿಂದ ಮೆತ್ತನೆಯದು ಹೊರಬರುವ ಮೂರು ಜಾಗ ಅನುಮಾನದವು: ಪ್ಲಗ್‌ನ ಕುತ್ತಿಗೆ, ಚಕ್ರದ ಡಬ್ಬಿಯ ಎರಡು ಬಾಯಿ, ಕ್ಯಾಮೆರಾ ತಲೆಯ ಹಿಂಭಾಗ. ಪ್ಲಗ್ ಕುತ್ತಿಗೆ ಬಾಗಿಸಿದೆವು, `OL`. ಡಬ್ಬಿಯ ಈಚೆ ಬಾಯಿ, `OL`. ಆಚೆ ಬಾಯಿಯ ಹತ್ತಿರ ಹೆಬ್ಬೆರಳಿನಿಂದ ಒತ್ತಿ ಮಡಚಿದಾಗ ಗೆಳೆಯ "ಬಂತು, ಬಂತು, ಹೋಯ್ತು" ಎಂದ. ಅಂಕಿ ಕ್ಷಣಕಾಲ 0.58 ಮಿಂಚಿ ಮಾಯವಾಗಿತ್ತು.

ಆ ಜಾಗ ಯಾಕೆ ಎಂದು ಯೋಚಿಸಿದರೆ ತಪ್ಪು ನನ್ನದೇ. ಕೇಬಲ್ಲನ್ನು ಪ್ರತಿಸಲ ಆ ಡಬ್ಬಿಯ ಸುತ್ತಲೇ ಬಿಗಿಯಾಗಿ ಸುತ್ತಿ ಇಡುತ್ತಿದ್ದೆ.

ಗುರುತು ಸಿಕ್ಕಿದೆ, ಆದರೂ ಚಿತ್ರವಿಲ್ಲ

ನನ್ನ ರಿಪೇರಿ ಮುಗಿಸುವ ಮೊದಲು ಮೂರನೇ ಪ್ರಶ್ನೆ ನೋಡೋಣ. ಏಕೆಂದರೆ ಹೊಸ ಕ್ಯಾಮೆರಾ ಕೊಂಡವರು ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಇಲ್ಲೇ.

ಯುಎಸ್‌ಬಿ ಕ್ಯಾಮೆರಾಗಳಿಗೆ ಯುವಿಸಿ ಎಂಬ ಒಂದು ಸಾಮಾನ್ಯ ಭಾಷೆ ಇದೆ. ಆ ಭಾಷೆ ಆಡುವ ಕ್ಯಾಮೆರಾಗೆ ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದರಲ್ಲೂ ಬೇರೆ ಡ್ರೈವರ್ ಬೇಡ. ವೆಬ್‌ಕ್ಯಾಮ್ ಆಗಿ ಸುಮ್ನೆ ಬಂದು ಕೂರುತ್ತದೆ. ಆದರೆ ನೋಡಲು ತದ್ರೂಪು ಒಂದೇ ಆದ ಕೆಲವು ಎಂಡೋಸ್ಕೋಪ್‌ಗಳು ಈ ಭಾಷೆ ಆಡುವುದಿಲ್ಲ. ತಮ್ಮದೇ ಗುಟ್ಟಿನ ಭಾಷೆ. ಪೆಟ್ಟಿಗೆಯ ಮೇಲಿರುವ ಕ್ಯೂಆರ್ ಕೋಡ್‌ನ ಆ್ಯಪ್ ಒಂದಕ್ಕೇ ಅದು ಗೊತ್ತು. ಅಂಥದ್ದನ್ನು ಲ್ಯಾಪ್‌ಟಾಪ್‌ಗೆ ಹಾಕಿ ದಿನವಿಡೀ ಕೂತರೂ ಚಿತ್ರ ಬರುವುದಿಲ್ಲ. ಅದು ಕೆಟ್ಟಿಲ್ಲ, ಬದಲಾಯಿಸಿ ಕೊಟ್ಟರೂ ಅದೇ ಕಥೆ.

ಲಿನಕ್ಸ್‌ನಲ್ಲಿ ಇದನ್ನು ಪತ್ತೆ ಮಾಡುವುದು ಎರಡು ನಿಮಿಷದ ಕೆಲಸ:

```
lsusb
lsusb -t
```

ಎರಡನೆಯದರಲ್ಲಿ ಕ್ಯಾಮೆರಾದ ಸಾಲಿನಲ್ಲಿ `Class=Video, Driver=uvcvideo` ಎಂದಿದ್ದರೆ ಸಾಮಾನ್ಯ ಭಾಷೆಯದ್ದು. `Class=Vendor Specific Class` ಎಂದಷ್ಟೇ ಇದ್ದರೆ ಗುಟ್ಟಿನದ್ದು. ಇಂಥವುಗಳಲ್ಲಿ ಒಂದು ಹೆಸರಾದ ಜಾತಿ `lsusb` ಪಟ್ಟಿಯಲ್ಲಿ `2ce3:3828` ಎಂಬ ಗುರುತಿನೊಂದಿಗೆ ಕಾಣಿಸಿಕೊಳ್ಳುತ್ತದೆ. ಫೋನಿನಲ್ಲಿ Useeplus ಎಂಬ ಆ್ಯಪ್‌ನೊಂದಿಗೆ ನಡೆಯುತ್ತದೆ, ವಿಂಡೋಸ್‌ನ ಕ್ಯಾಮೆರಾ ಪಟ್ಟಿಗೆ ಬರುವುದೇ ಇಲ್ಲ. ವಿಂಡೋಸ್‌ನಲ್ಲಿ ಇದರ ಲಕ್ಷಣ: ಜೋಡಿಸಿದ ಸದ್ದು ಬರುತ್ತದೆ, `Cameras` ಕೆಳಗೆ ಏನೂ ಇಲ್ಲ, `Other devices` ಕೆಳಗೆ ಹಳದಿ ಗುರುತಿನ ಸಾಲು ಕೂತಿರುತ್ತದೆ. ಆಗ ಸಿಕ್ಕಸಿಕ್ಕ ಜಾಗದಿಂದ "ಡ್ರೈವರ್" ಇಳಿಸಿ ಹಾಕಲು ಹೋಗಬೇಡಿ. ಲ್ಯಾಪ್‌ಟಾಪ್‌ನಲ್ಲಿ ಬಳಸಬೇಕು ಎಂದಿದ್ದರೆ ಕೊಳ್ಳುವಾಗಲೇ ಯುವಿಸಿ ಎಂದು ಬರೆದಿರುವುದನ್ನು ನೋಡಿ ಕೊಳ್ಳಿ.

ಯುವಿಸಿ ಕ್ಯಾಮೆರಾ ಆಗಿದ್ದೂ ಚಿತ್ರ ಇಲ್ಲದಿದ್ದರೆ ಕಾರಣ ಬಹುಪಾಲು ಸಣ್ಣದು. ಲ್ಯಾಪ್‌ಟಾಪ್ ತನ್ನ ಸ್ವಂತ ಕ್ಯಾಮೆರಾವನ್ನೇ ತೋರಿಸುತ್ತಿರುತ್ತದೆ, ನೀವು ಕ್ಯಾಮೆರಾ ಬದಲಿಸುವ ಗುಂಡಿ ಒತ್ತಿರುವುದಿಲ್ಲ. ವಿಂಡೋಸ್ 11ರಲ್ಲಿ `Privacy & security` ಒಳಗಿನ `Camera` ಪುಟದಲ್ಲಿ `Let desktop apps access your camera` ಆಫ್ ಆಗಿದ್ದರೆ ಪಟ್ಟಿಯಲ್ಲಿ ಹೆಸರಿದ್ದೂ ಚಿತ್ರ ಕಪ್ಪು. ಇನ್ನೊಂದು ಪ್ರೋಗ್ರಾಂ, ಹೆಚ್ಚಾಗಿ ವಿಡಿಯೋ ಮೀಟಿಂಗ್‌ನದ್ದು, ಕ್ಯಾಮೆರಾ ಹಿಡಿದುಕೊಂಡು ಕೂತಿದ್ದರೂ ಹಾಗೇ.

ಲಿನಕ್ಸ್‌ನಲ್ಲಿ ಒಂದು ಕ್ಯಾಮೆರಾಗೆ ಸಾಮಾನ್ಯವಾಗಿ ಎರಡು ಹೆಸರು ಹುಟ್ಟುತ್ತವೆ. ಲ್ಯಾಪ್‌ಟಾಪಿನ ಸ್ವಂತದ್ದು `/dev/video0`, `/dev/video1` ತೆಗೆದುಕೊಂಡಿದ್ದರೆ ಎಂಡೋಸ್ಕೋಪ್ `/dev/video2`, `/dev/video3` ಆಗುತ್ತದೆ. ಪ್ರತಿ ಜೋಡಿಯ ಎರಡನೆಯದು ಮಾಹಿತಿಗೆ ಮಾತ್ರ, ಅದರಲ್ಲಿ ಚಿತ್ರ ಹುಡುಕಿದರೆ ಸಿಗುವುದಿಲ್ಲ. ನೇರವಾಗಿ ಹೀಗೆ ತೆರೆದು ನೋಡಿ:

```
v4l2-ctl --list-devices
ffplay -f v4l2 -input_format mjpeg -video_size 640x480 /dev/video2
```

ಎಂಜೆಪಿಇಜಿ, ಅಂದರೆ ಕುಗ್ಗಿಸಿದ ಚಿತ್ರ, ಎಂದು ಬೇಕೆಂದೇ ಹಾಕಿದ್ದೇನೆ. ಕುಗ್ಗಿಸದ ಚಿತ್ರವಾದರೆ 640x480ರಲ್ಲೂ ಸೆಕೆಂಡಿಗೆ 30 ಚಿತ್ರದ ಲೆಕ್ಕದಲ್ಲಿ 18 ಮೆಗಾಬೈಟ್ ದಾಟುತ್ತದೆ. ಒಂದೇ ಹಬ್‌ನಲ್ಲಿ ಇನ್ನೊಂದು ಕ್ಯಾಮೆರಾ ಇದ್ದರೆ ದಾರಿ ತುಂಬಿ `No space left on device` ಎಂಬ ತಪ್ಪು ಬರುತ್ತದೆ. ಓದಿದವರು ಡಿಸ್ಕ್ ಖಾಲಿ ಮಾಡಲು ಹೊರಡುತ್ತಾರೆ. ಅಲ್ಲಿ ತುಂಬಿರುವುದು ಡಿಸ್ಕ್ ಅಲ್ಲ, ಯುಎಸ್‌ಬಿಯ ದಾರಿ.

ಫೋನಿನಲ್ಲಿ ನೆನಪಿಡಬೇಕಾದದ್ದು ಎರಡು. ಫೋನಿನ ಜೊತೆ ಬಂದ ಮಾಮೂಲಿ ಕ್ಯಾಮೆರಾ ಆ್ಯಪ್ ಹೊರಗಿನ ಕ್ಯಾಮೆರಾವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ, ಯುವಿಸಿ ಬಲ್ಲ ಬೇರೆ ಆ್ಯಪ್ ಬೇಕು. ಆ ಆ್ಯಪ್‌ಗೆ ಯುಎಸ್‌ಬಿ ಅನುಮತಿಯ ಜೊತೆ ಕ್ಯಾಮೆರಾ ಅನುಮತಿಯೂ ಬೇಕು. ಒಮ್ಮೆ "ಬೇಡ" ಎಂದು ಒತ್ತಿದ್ದರೆ ಆ್ಯಪ್ ಮತ್ತೆ ಕೇಳದೆ ಕಪ್ಪು ಪರದೆ ತೋರಿಸುತ್ತಾ ಕೂರಬಹುದು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ನ ಹೆಸರು ಹುಡುಕಿ ಅನುಮತಿ ಕೊಡಿ. ಆಂಡ್ರಾಯ್ಡ್ 10ರಲ್ಲಿ ಮಾತ್ರ ಒಂದು ತೊಡಕಿತ್ತು. ಅನುಮತಿ ಕೊಟ್ಟರೂ ಕೆಲವು ಆ್ಯಪ್‌ಗಳಿಗೆ ಯುಎಸ್‌ಬಿ ಕ್ಯಾಮೆರಾ ಸಿಗುತ್ತಿರಲಿಲ್ಲ. ಆ ಫೋನ್ ಇದ್ದವರು ಎರಡು ಮೂರು ಬೇರೆ ಬೇರೆ ಆ್ಯಪ್ ಹಾಕಿ ನೋಡುವುದರಲ್ಲಿ ಅರ್ಥವಿದೆ.

ಐಫೋನ್‌ಗೆ ಸಾದಾ ಯುವಿಸಿ ಎಂಡೋಸ್ಕೋಪ್ ಹಾಕಿದರೆ, ಟೈಪ್-ಸಿ ತೂತು ಇರುವ ಮಾದರಿಯಲ್ಲೂ, ಲೈಟ್ ಉರಿಯಬಹುದು, ಚಿತ್ರ ಬರುವುದಿಲ್ಲ. ಟೈಪ್-ಸಿ ಇರುವ ಐಪ್ಯಾಡ್‌ಗಳಲ್ಲಿ ಐಪ್ಯಾಡ್‌ಒಎಸ್ 17ರಿಂದ ಹೊರಗಿನ ಕ್ಯಾಮೆರಾಗೆ ಅವಕಾಶ ಉಂಟು. ಐಫೋನ್‌ಗೆಂದೇ ಮಾಡಿದ ಅಥವಾ ತನ್ನದೇ ವೈ-ಫೈ ಹರಡುವ ಎಂಡೋಸ್ಕೋಪ್ ಬೇರೆ ಸಾಮಾನು.

ಕಪ್ಪು ಚಿತ್ರಕ್ಕೂ ಚಿತ್ರವೇ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ, ಅದನ್ನೂ ನೋಡಿಕೊಳ್ಳಿ. ಆ್ಯಪ್‌ನಲ್ಲಿ ಸೆಕೆಂಡ್ ಎಣಿಕೆ ಓಡುತ್ತಿದ್ದು ಪರದೆ ಕಪ್ಪಾಗಿದ್ದರೆ ಕಿಟಕಿಯ ಬೆಳಕಿಗೆ ತುದಿ ಹಿಡಿಯಿರಿ. ಮಸುಕಾಗಿಯಾದರೂ ಏನಾದರೂ ಕದಲಿದರೆ ಕ್ಯಾಮೆರಾ ಸರಿ ಇದೆ. ಈ ಕ್ಯಾಮೆರಾಗಳ ಫೋಕಸ್ ಕೆಲವು ಸೆಂಟಿಮೀಟರ್ ದೂರಕ್ಕೆ ಕಟ್ಟಿಟ್ಟದ್ದು. ಮುಖಕ್ಕೆ ಹಿಡಿದು ಸ್ಪಷ್ಟವಿಲ್ಲ ಎಂದರೆ ಅದಕ್ಕೇನು ಮಾಡಲಾಗುತ್ತದೆ?

ಬೆಸುಗೆ

ಡಬ್ಬಿಯ ಪಕ್ಕದ ಗೀರಿಗೆ ಹಳೆಯ ಸಿಮ್ ಕಾರ್ಡಿನ ಅಂಚು ತೂರಿಸಿ ಬಿಚ್ಚಿದೆ. ಒಳಗೆ ಬೆರಳಿನ ಉಗುರಿನಷ್ಟು ಬೋರ್ಡ್. ಒಂದು ಕಡೆ ನಾಲ್ಕು ತಂತಿ ಒಳಗೆ ಬರುತ್ತವೆ, ಇನ್ನೊಂದು ಕಡೆ ಹೊರಗೆ ಹೋಗುತ್ತವೆ. ಲೈಟಿನ ತಂತಿಯನ್ನು ಪ್ರತ್ಯೇಕ ಎಳೆದಿರುವ ಮಾದರಿಗಳಲ್ಲಿ ಹೊರಗೆ ಐದೋ ಆರೋ ಇರಬಹುದು. ಬಿಚ್ಚಿದ ಕೂಡಲೇ ಬಣ್ಣಗಳ ಫೋಟೋ ತೆಗೆದುಕೊಳ್ಳಿ. ಕೆಂಪು 5 ವೋಲ್ಟ್, ಬಿಳಿ ಡಿ ಮೈನಸ್, ಹಸಿರು ಡಿ ಪ್ಲಸ್, ಕಪ್ಪು ಗ್ರೌಂಡ್ ಎಂಬುದು ವಾಡಿಕೆ, ಅಗ್ಗದ ಕೇಬಲ್‌ಗಳು ಅದನ್ನು ಪಾಲಿಸಲೇಬೇಕು ಎಂದೇನಿಲ್ಲ.

ಪ್ಲಗ್‌ನ ಡಿ ಮೈನಸ್ ಪಟ್ಟಿಯಿಂದ ಬೋರ್ಡಿನ ಬಿಳಿ ತಂತಿಯ ಜಾಗಕ್ಕೆ ಬೀಪ್ ಬಂತು. ಅಂದರೆ ಡಬ್ಬಿಯ ತನಕ ಸರಿ, ಆಚೆಯೇ ತುಂಡು. ಆಚೆ ಕಡೆಯ ಕೇಬಲ್ಲನ್ನು ಬಾಗಿದ ಜಾಗಕ್ಕಿಂತ ಸ್ವಲ್ಪ ಮುಂದೆ ಕತ್ತರಿಸಿದೆ. ಬೆಸೆಯುವ ಮೊದಲು ಕತ್ತರಿಸಿದ ತುದಿಯಲ್ಲೇ ಡಯೋಡ್ ಪರೀಕ್ಷೆ ಮತ್ತೆ ಮಾಡಿದೆ. ಬಿಳಿ 0.58, ಹಸಿರು 0.58. ಉಳಿದ ಕೇಬಲ್ ಪೂರ್ತಿ ಚೆನ್ನಾಗಿದೆ ಎಂದು ಆಗಲೇ ಖಾತ್ರಿಯಾಯಿತು. ಇಲ್ಲೂ ಒಂದು `OL` ಬಂದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ತುಂಡು ತಲೆಯ ಬುಡದಲ್ಲಿದ್ದರೆ ಅಂಟು ಒಡೆಯದೆ ದಾರಿಯಿಲ್ಲ. ಒಡೆದರೆ ಪೈಪಿಗೆ ಇಳಿಸುವ ಹಾಗಿಲ್ಲ.

ಬಿಳಿ, ಹಸಿರು ತಂತಿಗಳು ಒಂದಕ್ಕೊಂದು ಹೊಸೆದುಕೊಂಡಿದ್ದರೆ ಬೇಕಾದಷ್ಟೇ ಬಿಚ್ಚಿ, 1 ಸೆಂಟಿಮೀಟರ್ ಸಾಕು. ಎರಡನ್ನೂ ಒಂದೇ ಉದ್ದಕ್ಕೆ ಕತ್ತರಿಸಿ. ತಂತಿ ಕೂದಲಿನಷ್ಟು ತೆಳ್ಳಗಿರುವುದರಿಂದ ಸಿಪ್ಪೆ ಸುಲಿಯುವ ಇಕ್ಕಳಕ್ಕಿಂತ ಬಿಸಿ ಐರನ್‌ನ ತುದಿಯಿಂದ ಪ್ಲಾಸ್ಟಿಕ್ ಕರಗಿಸಿ ಎಳೆಯುವುದು ಸುಲಭ. ನಾನು ನಾಲ್ಕೂ ಬೆಸೆದು ಮುಗಿಸಿ ನೋಡಿದರೆ ಕುತ್ತಿಗೆಗೆ ಹಾಕಬೇಕಿದ್ದ ಹೀಟ್ ಶ್ರಿಂಕ್ ಕೊಳವೆ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ನಾಲ್ಕನ್ನೂ ಕಿತ್ತು, ಕೊಳವೆ ತೂರಿಸಿ, ಮತ್ತೆ ಬೆಸೆದೆ.

ಡಬ್ಬಿ ಮುಚ್ಚುವ ಮೊದಲು ಪ್ಲಗ್ ಕಡೆಯಿಂದ ಎರಡು ಡೇಟಾ ಪಟ್ಟಿಗೂ ಮೀಟರ್ ಹಿಡಿದೆ, 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಬೀಪ್ ಬರುತ್ತಿಲ್ಲ ಎಂದೂ ನೋಡಿದೆ. ಈ ಕೊನೆಯದನ್ನು ಬಿಡಬೇಡಿ. ಅಲ್ಲಿ ಶಾರ್ಟ್ ಇದ್ದರೆ ಫೋನಿನ ತೂತಿಗೇ ಪೆಟ್ಟು ಬೀಳಬಹುದು. ಅದೇ ಕಾರಣಕ್ಕೆ ಮೊದಲ ಪರೀಕ್ಷೆ ಫೋನಿನಲ್ಲಿ ಬೇಡ, ಹಳೆಯ ಹಬ್ ಒಂದರ ಮೂಲಕ ಮಾಡಿ. ಹೋದರೆ ಹಬ್ ಹೋಗಲಿ.

```
usb 1-3: new high-speed USB device number 14 using xhci_hcd
```

ಈ ಸಲ `high-speed`. ಕೇಬಲ್ 6 ಸೆಂಟಿಮೀಟರ್ ಗಿಡ್ಡವಾಗಿದೆ. ಈಗ ಅದನ್ನು ಡಬ್ಬಿಗೆ ಸುತ್ತದೆ, ತಟ್ಟೆಯಷ್ಟು ಅಗಲದ ಸಡಿಲ ಸುರುಳಿ ಮಾಡಿ ಮೊಳೆಗೆ ನೇತುಹಾಕುತ್ತೇನೆ. ಪೈಪಿನೊಳಗೆ ಸಿಕ್ಕಿಕೊಂಡಿದ್ದು ಒಂದು ಟೂತ್‌ಪೇಸ್ಟ್ ಮುಚ್ಚಳ.